ಉಳಿದ ಜಿಬಿ ಎಲ್ಲಿಗೆ ಹೋಗುತ್ತದೆ: ಎರಡು ಪೋಸ್ಟ್‌ಪೇಯ್ಡ್ ಸಂಪರ್ಕಗಳ ಏಳು ತಿಂಗಳ ಹೋಲಿಕೆ

ನಮ್ಮ ಮನೆಯಲ್ಲಿ ಎರಡು ಪೋಸ್ಟ್‌ಪೇಯ್ಡ್ ಸಂಪರ್ಕಗಳಿವೆ. ನನ್ನದು ಒಂದು ಕಂಪನಿಯದು, ನನ್ನ ಹೆಂಡತಿಯದು ಇನ್ನೊಂದು ಕಂಪನಿಯದು. ಎರಡರ ಜಾಹೀರಾತಿನಲ್ಲೂ 'ಡೇಟಾ ರೋಲ್‌ಓವರ್' ಎಂಬ ಒಂದೇ ಮಾತಿತ್ತು, ಅಂದರೆ ಈ ತಿಂಗಳು ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುತ್ತದೆ ಎಂಬ ಭರವಸೆ. ಆದರೆ ಆ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಲೆಕ್ಕಗಳಿವೆ ಎಂಬುದು ಕಳೆದ ನವೆಂಬರ್‌ನಿಂದ ಮೇ ತಿಂಗಳವರೆಗೆ ಎರಡನ್ನೂ ಬರೆದಿಟ್ಟುಕೊಂಡು ನೋಡಿದಾಗ ಸ್ಪಷ್ಟವಾಯಿತು. ಕಂಪನಿಗಳ ಹೆಸರಿಗಿಂತ ನಿಯಮದ ಸ್ವರೂಪವೇ ಇಲ್ಲಿ ಮುಖ್ಯವಾದ್ದರಿಂದ ಅವುಗಳನ್ನು ನನ್ನದು, ಅವಳದು ಎಂದೇ ಕರೆಯುತ್ತೇನೆ.

ನನ್ನ ಪ್ಲಾನಿನಲ್ಲಿ ತಿಂಗಳಿಗೆ 40 ಜಿಬಿ ಸಿಗುತ್ತದೆ. ಉಳಿದದ್ದು ತಿಂಗಳಿಂದ ತಿಂಗಳಿಗೆ ಕೂಡುತ್ತಾ ಹೋಗುತ್ತದೆ, ಆದರೆ ಹಾಗೆ ಕೂಡಿದ ಮೊತ್ತ 120 ಜಿಬಿಯನ್ನು ಮೀರುವಂತಿಲ್ಲ. ಅವಳ ಪ್ಲಾನಿನಲ್ಲಿ ತಿಂಗಳಿಗೆ 60 ಜಿಬಿ ಸಿಗುತ್ತದೆ. ಅಲ್ಲಿ ಉಳಿದದ್ದು ಮುಂದಿನ ಒಂದೇ ಬಿಲ್ ಅವಧಿಯವರೆಗೆ ಇರುತ್ತದೆ, ಅಷ್ಟರಲ್ಲಿ ಬಳಸದಿದ್ದರೆ ಹೋಯಿತು. ಬಾಡಿಗೆ ಅವಳದೇ ಹೆಚ್ಚು. ಕಾಗದದ ಮೇಲೆ ನೋಡಿದವರಿಗೆ ಅವಳದೇ ಒಳ್ಳೆಯ ಪ್ಲಾನ್ ಎನ್ನಿಸುತ್ತದೆ, ನಮಗೂ ಹಾಗೆಯೇ ಅನ್ನಿಸಿತ್ತು.

ನಮ್ಮ ಬಳಕೆಯ ರೀತಿಯನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಫಲಿತಾಂಶವೆಲ್ಲ ಅದರ ಮೇಲೆ ನಿಂತಿದೆ. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇರುವುದರಿಂದ ಮೊಬೈಲ್ ಡೇಟಾ ಖರ್ಚಾಗುವುದು ಹೊರಗೆ ಓಡಾಡುವಾಗ ಮಾತ್ರ: ನನಗೆ ತಿಂಗಳಿಗೆ ಸುಮಾರು 12 ಜಿಬಿ, ಅವಳಿಗೆ 14 ಜಿಬಿ. ಆದರೆ ಬೇಸಿಗೆ ರಜೆಯಲ್ಲಿ ಪಾಂಡವಪುರದ ಹತ್ತಿರದ ನಮ್ಮ ಊರಿಗೆ ಹೋಗಿ ಮೂರುನಾಲ್ಕು ವಾರ ಇದ್ದುಬಿಡುತ್ತೇವೆ. ಅಲ್ಲಿ ಫೈಬರ್ ಇಲ್ಲ. ನನ್ನ ಕಚೇರಿ ಕೆಲಸ, ಮಕ್ಕಳ ವಿಡಿಯೋ, ಅಣ್ಣನ ಮನೆಯ ಟಿವಿ ಎಲ್ಲವೂ ನಮ್ಮಿಬ್ಬರ ಫೋನುಗಳ ಹಾಟ್‌ಸ್ಪಾಟ್ ಮೇಲೆಯೇ ನಡೆಯಬೇಕು. ಹನ್ನೊಂದು ತಿಂಗಳು ಕಡಿಮೆ, ಒಂದು ತಿಂಗಳು ವಿಪರೀತ ಎಂಬಂತಹ ಮನೆಗೇ ರೋಲ್‌ಓವರ್ ನಿಜವಾಗಿ ಬೇಕಾಗುವುದು.

ನನ್ನ ಬಿಲ್ ಪ್ರತಿ ತಿಂಗಳು 17ರಂದು ಮುಗಿಯುತ್ತದೆ. ನವೆಂಬರ್ 18ರಂದು ಸೊನ್ನೆಯಿಂದ ಆರಂಭಿಸಿದೆ. ಮೊದಲ ಅವಧಿಯಲ್ಲಿ 40ರಲ್ಲಿ 12 ಖರ್ಚಾಗಿ 28 ಉಳಿಯಿತು. ಜನವರಿ 17ರ ಹೊತ್ತಿಗೆ ಅದು 56 ಆಯಿತು, ಫೆಬ್ರವರಿಯಲ್ಲಿ 84, ಮಾರ್ಚ್‌ನಲ್ಲಿ 112. ಏಪ್ರಿಲ್ 17ರಂದು ಲೆಕ್ಕದ ಪ್ರಕಾರ 140 ಆಗಬೇಕಿತ್ತು, ಆದರೆ ಮಿತಿ 120 ಆದ್ದರಿಂದ ಕೆರೆ ತುಂಬಿ ಕೋಡಿ ಬಿದ್ದ ಹಾಗೆ 20 ಜಿಬಿ ಹರಿದುಹೋಯಿತು. ಈ ಮಾದರಿಯಲ್ಲಿ ಉಳಿಕೆ ಕಳೆಯುವುದು ಕೋಡಿಯಲ್ಲಿಯೇ ಹೊರತು ವಯಸ್ಸಾದ ಕಾರಣಕ್ಕಲ್ಲ. ಡಿಸೆಂಬರ್‌ನ ಜಿಬಿಗೂ ಮಾರ್ಚ್‌ನ ಜಿಬಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಈ ಮಿತಿಯ ವಿಷಯದಲ್ಲಿ ಒಂದು ಸಂಶಯವನ್ನು ಎಲ್ಲರೂ ಪರಿಹರಿಸಿಕೊಳ್ಳಬೇಕು. 120 ಎಂದರೆ ಉಳಿಕೆ ಮಾತ್ರವೋ, ಹೊಸ ತಿಂಗಳ 40 ಸೇರಿಸಿಯೋ? ಷರತ್ತುಗಳ ಪುಟದಲ್ಲಿ ಅದು ಬಿಡಿಸಿ ಬರೆದಿರಲಿಲ್ಲ. ಏಪ್ರಿಲ್ 18ರ ಬೆಳಿಗ್ಗೆ ಆ್ಯಪ್ ತೆರೆದಾಗ ಬರೀ 40 ಕಾಣಿಸಿ ಎದೆ ಧಸಕ್ಕೆಂದಿತು. ಆದರೆ ಉಳಿಕೆ ಸೇರಲು ಒಂದು ದಿನ ಹಿಡಿಯುತ್ತದೆಂದು ಹಿಂದಿನ ತಿಂಗಳುಗಳಲ್ಲಿಯೇ ಗೊತ್ತಾಗಿತ್ತು. 19ರ ಸಂಜೆ ಅದೇ ಜಾಗದಲ್ಲಿ 160 ಎಂದಿತ್ತು, ಅಂದರೆ ಮಿತಿ ಉಳಿಕೆಗೆ ಮಾತ್ರ. ಒಂದು ವೇಳೆ ಅಲ್ಲಿ 120 ಎಂದಿದ್ದರೆ ನನ್ನ ನಿಜವಾದ ಉಳಿಕೆಯ ಮಿತಿ 80 ಆಗಿರುತ್ತಿತ್ತು.

ಮಿತಿಯನ್ನು ತಿಂಗಳ ಕೋಟಾದಿಂದ ಭಾಗಿಸಿ ನೋಡುವುದು ಒಳ್ಳೆಯ ಅಳತೆ. ಜಿಯೋ 2020ರ ಸೆಪ್ಟೆಂಬರ್‌ನಲ್ಲಿ ಪೋಸ್ಟ್‌ಪೇಯ್ಡ್ ಪ್ಲಸ್ ತಂದಾಗ 399 ರೂಪಾಯಿಯ ಪ್ಲಾನಿನಲ್ಲಿ 75 ಜಿಬಿಯೂ 200 ಜಿಬಿಯವರೆಗಿನ ರೋಲ್‌ಓವರ್ ಕೂಡ ಇದ್ದವು. ಬಿಎಸ್‌ಎನ್‌ಎಲ್‌ನ 199 ರೂಪಾಯಿಯ ಪ್ಲಾನಿನಲ್ಲಿ 25 ಜಿಬಿಗೆ 75 ಜಿಬಿಯ ಮಿತಿ ಇತ್ತು. 200 ಎಂಬ ಅಂಕಿ 75ಕ್ಕಿಂತ ಎಷ್ಟೋ ದೊಡ್ಡದಾಗಿ ಕಂಡರೂ, ಏನೂ ಬಳಸದೆ ಬಿಟ್ಟರೆ ಎರಡೂ ಕೆರೆಗಳು ಮೂರನೆಯ ತಿಂಗಳಿಗೇ ತುಂಬುತ್ತವೆ. ದರಗಳೂ ಮಿತಿಗಳೂ ಆಗಾಗ ಬದಲಾಗುತ್ತವೆ, ಆದರೆ ಈ ಭಾಗಾಕಾರ ಯಾವ ಪ್ಲಾನಿಗೂ ಸಲ್ಲುತ್ತದೆ.

ಈಗ ಅವಳ ಸಂಪರ್ಕದ ಕಥೆ. ಅವಳ ಬಿಲ್ 4ಕ್ಕೆ ಮುಗಿಯುತ್ತದೆ. ಡಿಸೆಂಬರ್ 5ರಂದು 46 ಜಿಬಿ ಉಳಿಕೆಯಾಗಿ ಸೇರಿತು. ಜನವರಿ 5ರಂದು ಮತ್ತೆ 46, ಫೆಬ್ರವರಿಯಲ್ಲೂ 46. ಎಷ್ಟು ತಿಂಗಳಾದರೂ ಅದೇ ಅಂಕಿ. ಕಾರಣ ಹುಡುಕಲು ಜನವರಿಯ ಆ ಬೆಳಿಗ್ಗೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಅವಳ ಆ್ಯಪಿನಲ್ಲಿ ಎರಡು ಸಾಲುಗಳಿವೆ, ಒಂದು ಈ ತಿಂಗಳ ಡೇಟಾ, ಇನ್ನೊಂದು ಹಿಂದಿನ ತಿಂಗಳ ಉಳಿಕೆ. ವೈಫೈ ಆಫ್ ಮಾಡಿ ಸುಮಾರು 2 ಜಿಬಿಯಷ್ಟು ಪಾಠದ ವಿಡಿಯೋಗಳನ್ನು ಫೋನಿಗೆ ಇಳಿಸಿಕೊಂಡಳು. ಮಧ್ಯಾಹ್ನ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: "ರೀ, ಹಳೇದು 46 ಹಂಗೇ ಇದೆ. ಹೊಸದೇ 58 ಆಗಿರೋದು."

ಇದೇ ಇಡೀ ವಿಷಯದ ಗಂಟು. ಅವಳ ಕಂಪನಿ ಹೊಸ ಡೇಟಾವನ್ನು ಮೊದಲು ಖರ್ಚು ಮಾಡಿಸುತ್ತದೆ. ಹೊಸ 60 ಪೂರ್ತಿ ಮುಗಿದ ಮೇಲಷ್ಟೇ ಹಳೆಯದಕ್ಕೆ ಕೈ ಹಾಕುತ್ತದೆ. ತಿಂಗಳಿಗೆ 60ಕ್ಕಿಂತ ಕಡಿಮೆ ಬಳಸುವವರಿಗೆ ಹಳೆಯದು ಎಂದಿಗೂ ಬಳಕೆಗೆ ಬರುವುದಿಲ್ಲ, ಮುಟ್ಟದೆಯೇ ಅವಧಿ ಮುಗಿಯುತ್ತದೆ. ಅಮೆರಿಕದ ಎಟಿ ಅಂಡ್ ಟಿ 2015ರ ಜನವರಿಯಲ್ಲಿ ತಂದ ರೋಲ್‌ಓವರ್ ಕೂಡ ಹೀಗೆಯೇ ಇತ್ತು: ಉಳಿಕೆಗೆ ಒಂದು ಬಿಲ್ ಅವಧಿಯ ಆಯಸ್ಸು, ಮತ್ತು ಅದು ಖರ್ಚಾಗುವುದು ಕೊನೆಯಲ್ಲಿ.

ಒಂದೇ ತಿಂಗಳ ಆಯಸ್ಸು ಇದ್ದರೂ ಹಳೆಯದು ಮೊದಲು ಖರ್ಚಾಗುವಂತಿದ್ದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 60 ಜಿಬಿ ಪ್ಲಾನಿನಲ್ಲಿ ಒಬ್ಬರು ಪ್ರತಿ ತಿಂಗಳು 50 ಜಿಬಿ ಬಳಸುತ್ತಾರೆ ಎಂದುಕೊಳ್ಳಿ. ಮೊದಲ ತಿಂಗಳು 10 ಉಳಿಯುತ್ತದೆ. ಎರಡನೆಯ ತಿಂಗಳು ಹಳೆಯ 10 ಮೊದಲು ಖರ್ಚಾಗಿ ಹೊಸದರಲ್ಲಿ 40 ಮಾತ್ರ ಹೋಗುವುದರಿಂದ 20 ಉಳಿಯುತ್ತದೆ. ಹೀಗೆಯೇ 30, 40, ಐದನೆಯ ತಿಂಗಳ ಕೊನೆಗೆ 50. ಆರನೆಯ ತಿಂಗಳು ಕೈಯಲ್ಲಿ 110 ಜಿಬಿ ಇರುತ್ತದೆ, 100 ಜಿಬಿ ಬೇಕಾದರೂ ಸಾಕಾಗುತ್ತದೆ. ಹೊಸದೇ ಮೊದಲು ಖರ್ಚಾಗುವ ಅವಳ ಪ್ಲಾನಿನಲ್ಲಿ ಅದೇ ವ್ಯಕ್ತಿಗೆ ಆರನೆಯ ತಿಂಗಳು ಇರುವುದು 70 ಮಾತ್ರ, 30 ಜಿಬಿಗೆ ಬೇರೆ ದುಡ್ಡು ಕೊಡಬೇಕು. ನನ್ನ ಪ್ಲಾನಿನಲ್ಲಿ ಮಾತ್ರ ಈ ಕ್ರಮದ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿ ಯಾವ ಜಿಬಿಗೂ ಕೊನೆಯ ದಿನಾಂಕವಿಲ್ಲ. ಆದ್ದರಿಂದ ಮಿತಿಯ ಮಾದರಿಯಲ್ಲಿ ಮಿತಿಯನ್ನು ಕೇಳಬೇಕು, ಆಯಸ್ಸಿನ ಮಾದರಿಯಲ್ಲಿ ಖರ್ಚಿನ ಕ್ರಮವನ್ನು ಕೇಳಬೇಕು. ಅಂಗಡಿಯವರಿಗೆ ಈ ಎರಡನೆಯದು ಗೊತ್ತಿರುವುದು ಅಪರೂಪ, 2 ಜಿಬಿಯ ಪರೀಕ್ಷೆಯೇ ಖಚಿತ.

ಏಪ್ರಿಲ್ 20ರಂದು ಊರಿಗೆ ಹೋದೆವು, ಮೇ 15ರಂದು ವಾಪಸಾದೆವು. ಆ ವಾಸ್ತವ್ಯವೆಲ್ಲ ನನ್ನ ಒಂದೇ ಬಿಲ್ ಅವಧಿಯೊಳಗೆ, ಏಪ್ರಿಲ್ 18ರಿಂದ ಮೇ 17ರ ನಡುವೆ ಬಂತು. ಆ ಅವಧಿಯಲ್ಲಿ ನನ್ನ ಫೋನಿನಿಂದ ಒಟ್ಟು 96 ಜಿಬಿ ಹೋಯಿತು. ತಿಂಗಳ 40 ಕಳೆದರೆ 56 ಜಿಬಿ ಕೂಡಿಟ್ಟದ್ದರಿಂದ ಬಂದಿತು, ಇನ್ನೂ 64 ಉಳಿದಿತ್ತು. ಹೆಚ್ಚುವರಿ ಶುಲ್ಕ ಒಂದು ರೂಪಾಯಿಯೂ ಬರಲಿಲ್ಲ.

ಅವಳ ಅವಧಿ ಮೇ 4ಕ್ಕೆ ಮುಗಿಯುವುದರಿಂದ ಅದೇ ವಾಸ್ತವ್ಯ ಎರಡು ಬಿಲ್‌ಗಳಿಗೆ ಹಂಚಿಹೋಯಿತು. ಏಪ್ರಿಲ್ 5ರಿಂದ 19ರವರೆಗೆ ಮೈಸೂರಿನಲ್ಲಿ 7 ಜಿಬಿ, ಆಮೇಲೆ ಊರಿನಲ್ಲಿ ಮೇ 4ರವರೆಗೆ 50 ಜಿಬಿ, ಒಟ್ಟು 57. ಹೊಸ 60ರಲ್ಲಿಯೇ ಅದು ಮುಗಿದುಹೋಯಿತು. ವರ್ಷದಲ್ಲಿ ಅತ್ಯಂತ ಹೆಚ್ಚು ಬಳಸಿದ ದಿನಗಳಲ್ಲಿಯೂ ಹಳೆಯ 46 ಜಿಬಿಯನ್ನು ಮುಟ್ಟಲಾಗಲಿಲ್ಲ, ಮೇ 4ರ ರಾತ್ರಿ ಅದು ಅಳಿಸಿಹೋಯಿತು. ಏಳು ತಿಂಗಳಲ್ಲಿ ಅವಳ ರೋಲ್‌ಓವರ್‌ನಿಂದ ನಮಗೆ ದಕ್ಕಿದ್ದು ಸೊನ್ನೆ. ಬಿಲ್ ದಿನಾಂಕವೂ ಈ ಲೆಕ್ಕದ ಒಂದು ಭಾಗ ಎಂಬುದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ.

ಕೂಡುವುದು ಪ್ಲಾನಿನ ಮೂಲ ಕೋಟಾ ಮಾತ್ರ ಎಂಬುದನ್ನೂ ಇಲ್ಲಿ ಹೇಳಬೇಕು. ಫೆಬ್ರವರಿಯಲ್ಲಿ ಫೈಬರ್ ಕೆಟ್ಟ ಎರಡು ದಿನಕ್ಕೆಂದು ಅವಳು ಆತುರದಲ್ಲಿ ಕೊಂಡ 5 ಜಿಬಿಯ ಹೆಚ್ಚುವರಿ ಪ್ಯಾಕ್ ಬಿಲ್ ದಿನಾಂಕಕ್ಕೆ ಹಾಗೆಯೇ ಮಾಯವಾಯಿತು. ಅನಿಯಮಿತ 5ಜಿ ಇರುವ ಪ್ಲಾನುಗಳಲ್ಲಿ ಇನ್ನೊಂದು ಅನುಕೂಲವಿದೆ: 5ಜಿ ಸಿಗ್ನಲ್‌ನಲ್ಲಿ ಬಳಸಿದ್ದು ಕೋಟಾದಿಂದ ಕಳೆಯುವುದಿಲ್ಲವಾದ್ದರಿಂದ ನಗರದಲ್ಲಿರುವವರಿಗೆ ಉಳಿಕೆ ಬೇಗ ಬೆಳೆಯುತ್ತದೆ, ಊರಿನ 4ಜಿಗೆ ಇಳಿದಾಗ ಅದು ಕೈಗೆ ಬರುತ್ತದೆ.

ಮಿತಿಯ ಮಾದರಿಗೂ ಒಂದು ಅಪಾಯವಿದೆ. ಎರಡು ವರ್ಷದ ಹಿಂದೆ ಸುಮಾರು 90 ಜಿಬಿ ಕೂಡಿದ್ದಾಗ ನಾನು ಅದೇ ಕಂಪನಿಯ ದೊಡ್ಡ ಪ್ಲಾನಿಗೆ ಬದಲಾಯಿಸಿಕೊಂಡೆ. ಮರುದಿನ ಉಳಿಕೆ ಸೊನ್ನೆ. ಅಂಗಡಿಯಲ್ಲಿ ಕೇಳಿದರೆ ಆ ಹುಡುಗ "ಪ್ಲಾನ್ ಚೇಂಜ್ ಆದ್ರೆ ಹಳೇದು ಬರಲ್ಲ ಸಾರ್" ಎಂದಷ್ಟೇ ಹೇಳಿದ. ಪ್ರೀಪೇಯ್ಡ್‌ಗೆ ಹೋದರೂ, ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದರೂ ಕೂಡಿಟ್ಟದ್ದು ಜೊತೆಗೆ ಬರುವುದಿಲ್ಲ. ಆದ್ದರಿಂದ ಬದಲಾಯಿಸುವುದಾದರೆ ಕೆರೆ ಬರಿದಾದ ಮೇಲೆಯೇ, ಅಂದರೆ ನಮ್ಮಂಥವರಿಗೆ ಊರಿಂದ ಬಂದ ಮೇಲೆಯೇ, ಬದಲಾಯಿಸಬೇಕು.

ಅವಳ ಸಂಪರ್ಕವನ್ನು ಹಾಗೆಯೇ ಮಾಡಿದೆವು. ಕಳೆದುಕೊಳ್ಳುವಂಥದ್ದೇನೂ ಅದರಲ್ಲಿ ಇರಲಿಲ್ಲ. ಜೂನ್ 5ರಂದು ಅದೇ ಕಂಪನಿಯಲ್ಲಿ ತಿಂಗಳಿಗೆ 40 ಜಿಬಿಯ, ಉಳಿದದ್ದು ಮಿತಿಯವರೆಗೆ ಕೂಡುವ, ಬಾಡಿಗೆಯೂ ಕಡಿಮೆ ಇರುವ ಪ್ಲಾನಿಗೆ ಅವಳು ಬದಲಾದಳು. ಜುಲೈ 6ರ ಸಂಜೆ ಆ್ಯಪಿನಲ್ಲಿ 66 ಎಂದಿತ್ತು: ಹೊಸ 40, ಕೂಡಿದ 26.