ವಾಚಲ್ಲಿ ಕಾಣೋ ವೆದರ್ ಯಾವ ಊರಿಂದು ಅಂತ ಒಂದ್ಸಲ ಒತ್ತಿ ನೋಡ್ರಪ್ಪ

ಸ್ಮಾರ್ಟ್‌ವಾಚ್ ಮುಖದ ಮೇಲೆ ಮೂಲೇಲಿ ಒಂದು ಸೂರ್ಯನೋ ಮೋಡನೋ, ಪಕ್ಕದಲ್ಲಿ 26° ಅಂತ ಇರತ್ತಲ್ಲ, ಅದನ್ನ ನಂಬ್ಕೊಂಡು ಅಂಗಳದಲ್ಲಿ ಏನಾದ್ರೂ ಒಣಗಿಸೋರು, ಬೈಕಲ್ಲಿ ಹೊರಡೋರು ಇದ್ರೆ ಇದನ್ನ ಪೂರ್ತಿ ಓದಿ. ನಮ್ಮ ಭಾವನ ಮನೇಲಿ ಕಳೆದ ಅಡಿಕೆ ಸೀಸನ್‌ನಲ್ಲಿ ಇದರಿಂದ ಒಳ್ಳೆ ಪೇಚಾಟ ಆಯ್ತು. ಆ ಆಪ್ ಹೆಸರು ಹೇಳಲ್ಲ, ಯಾಕಂದ್ರೆ ಈ ತೊಂದ್ರೆ ಯಾವ ವೆದರ್ ಆಪ್‌ಗೆ ಬೇಕಾದ್ರೂ ಬರಬಹುದು.

ಭಾವನ ಊರು ಸಾಗರದ ಹತ್ರ. ಡಿಸೆಂಬರಲ್ಲಿ ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಹರವಿದ್ರು. ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿದ ಹಾಗೆ ಕಂಡಿದ್ದಕ್ಕೆ ಅಕ್ಕ "ರೀ, ಟಾರ್ಪಾಲ್ ಎಳೆದ್ಬಿಡಿ" ಅಂದ್ಲಂತೆ, ಭಾವ ಕೈ ತಿರುಗಿಸಿ ವಾಚ್ ನೋಡಿ "ಬಿಸಿಲೇ ತೋರಿಸ್ತಾ ಇದೆ ಮಾರಾಯ್ತಿ, ಹೋಗೋ ಮೋಡ ಇದು" ಅಂತ ತೋಟಕ್ಕೆ ಹೋದ್ರು. ಅವ್ರು ವಾಪಸ್ ಬರೋದ್ರೊಳಗೆ ಮಳೆ ಹೊಡೆದು ಹೋಗಿತ್ತು. ಅರ್ಧ ಒಣಗಿದ ಅಡಿಕೆ ನೆನೆದ್ರೆ ಬೂಸ್ಟು ಹಿಡಿಯತ್ತೆ, ಬಣ್ಣ ಹೋಗತ್ತೆ, ಮಂಡೀಲಿ ರೇಟು ಇಳಿಯತ್ತೆ, ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ತಮಾಷೆ ಏನು ಅಂದ್ರೆ ವಾಚು ಕೆಟ್ಟಿರಲಿಲ್ಲ. ಬೆಳಿಗ್ಗೆ 19 ಇದ್ದಿದ್ದು ಮಧ್ಯಾಹ್ನ 26 ಆಗಿತ್ತು, ಸಂಜೆಗೆ ಮತ್ತೆ ಇಳೀತಿತ್ತು, ಅಂದ್ರೆ ನಂಬರ್ ಸರಿಯಾಗೇ ಬದಲಾಗ್ತಿತ್ತು. ಅದಕ್ಕೇ ಯಾರಿಗೂ ಡೌಟ್ ಬಂದಿರಲಿಲ್ಲ. ನಾನು ಊರಿಗೆ ಹೋದಾಗ ಆ 26° ಮೇಲೆ ಒಂದ್ಸಲ ಒತ್ತಿದೆ, ಆಪ್ ತೆಗೀತು, ಮೇಲೆ ಬೆಂಗಳೂರು ಅಂತ ಇತ್ತು! ದೀಪಾವಳಿಗೆ ಅವ್ರು ನಮ್ಮನೆಗೆ ಬಂದಿದ್ರಲ್ಲ, ಆವತ್ತಿಂದ ವಾಚು ಬೆಂಗಳೂರಲ್ಲೇ ಉಳಿದುಬಿಟ್ಟಿದೆ. ಚಳಿಗಾಲದಲ್ಲಿ ಬೆಂಗಳೂರಿಗೂ ಸಾಗರಕ್ಕೂ ಟೆಂಪರೇಚರಲ್ಲಿ ಎದ್ದು ಕಾಣೋ ವ್ಯತ್ಯಾಸ ಇರಲ್ಲ. ಮಂಗಳೂರು ಆಗಿದ್ರೆ ಎರಡೇ ದಿನದಲ್ಲಿ ಗೊತ್ತಾಗ್ತಿತ್ತು, ಇದು ಮಳೆ ಬಂದಾಗ್ಲೇ ಗೊತ್ತಾಗಿದ್ದು.

ಊರಿನ ಹೆಸರು ಮುಖದ ಮೇಲೆ ಯಾಕೆ ಇರಲ್ಲ ಅಂದ್ರೆ, ಆ ಪುಟ್ಟ ಜಾಗಕ್ಕೆ ಕಾಂಪ್ಲಿಕೇಶನ್ ಅಂತಾರೆ, ಗೂಗಲ್‌ನ ವೇರ್ ಓಎಸ್ ಇರೋ ವಾಚುಗಳಲ್ಲಿ ಚಿಕ್ಕ ಕಾಂಪ್ಲಿಕೇಶನ್‌ಗೆ ಸಿಗೋದು ಹೆಚ್ಚುಕಮ್ಮಿ ಏಳು ಅಕ್ಷರದಷ್ಟು ಜಾಗ. ಡಿಗ್ರಿ ಬರೆದ್ರೆ ಮುಗೀತು, ಊರು ಎಲ್ಲಿ ಹಾಕ್ತಾರೆ, ಅಪ್‌ಡೇಟ್ ಆದ ಟೈಮ್ ಎಲ್ಲಿ ಹಾಕ್ತಾರೆ. ಹಾಗಾಗಿ ಹಳೇ ನಂಬರ್ರೂ ಹೊಸ ನಂಬರ್ರೂ, ನಮ್ಮೂರಿಂದೂ ಬೇರೆ ಊರಿಂದೂ, ನೋಡೋಕೆ ಎಲ್ಲಾ ಒಂದೇ ಥರ.

ಈಗ ಇದು ಹೇಗಾಯ್ತು ಅಂತ. ಭಾವನ ಫೋನ್ ಸ್ವಲ್ಪ ಹಳೇದು, ಆಂಡ್ರಾಯ್ಡ್ 11. ವೆದರ್ ಆಪ್ ಹಾಕಿದ ದಿನ ಲೊಕೇಶನ್ ಪರ್ಮಿಶನ್ ಎಲ್ಲಾ ಸರಿಯಾಗೇ ಕೊಟ್ಟಿದ್ರು. ಆದ್ರೆ ವಾಚಲ್ಲೇ ಕಾಣತ್ತಲ್ಲ, ಫೋನಲ್ಲಿ ಆ ಆಪ್ ಯಾರು ತೆಗೀತಾರೆ? ಆಂಡ್ರಾಯ್ಡ್ 11ರಿಂದ ಒಂದು ವ್ಯವಸ್ಥೆ ಬಂದಿದೆ, ಕೆಲವು ತಿಂಗಳು ನೀವು ತೆರೆಯದ ಆಪ್‌ಗಳ ಪರ್ಮಿಶನ್ನನ್ನ ಫೋನೇ ವಾಪಸ್ ತಗೊಳತ್ತೆ. ಹಿಂದುಗಡೆ ಆಪ್ ಎಷ್ಟೇ ಕೆಲಸ ಮಾಡ್ತಿರ್ಲಿ, ಕೈಯಲ್ಲಿ ತೆಗೆದು ನೋಡಿಲ್ಲ ಅಂದ್ರೆ ಅದರ ಲೆಕ್ಕದಲ್ಲಿ ಬಳಸಿಲ್ಲ ಅಂತಲೇ. ಪ್ರೈವಸಿಗೆ ಒಳ್ಳೇದೇ, ಆದ್ರೆ ವಾಚಿಗೆ ಅಂತಲೇ ಇರೋ ಆಪ್‌ಗಳಿಗೆ ಇದು ಸರಿಯಾದ ಏಟು. ಒಂದು ನೋಟಿಫಿಕೇಶನ್ ಬರತ್ತೆ, ಅದನ್ನ ಎಲ್ಲರೂ ಓದದೇ ತಳ್ಳಿಬಿಡ್ತಾರೆ. ನಮ್ಮ ಕೇಸಲ್ಲಿ ಭಾವ ಬೆಂಗಳೂರಲ್ಲಿ ಇದ್ದ ದಿನಗಳಲ್ಲೇ ಪರ್ಮಿಶನ್ ಹೋಗಿರಬೇಕು, ಆಪ್ ಹತ್ರ ಕೊನೇದಾಗಿ ಇದ್ದ ಊರು ಬೆಂಗಳೂರು, ಇಂಟರ್ನೆಟ್ ಇದೆ, ಹಾಗಾಗಿ ತಪ್ಪದೇ ಬೆಂಗಳೂರಿನ ತಾಜಾ ವೆದರ್ ತಂದು ಹಾಕ್ತಾ ಇತ್ತು. ಆಪ್ ಮಾಡಿದವರ ಮೇಲೆ ನನಗೆ ಸಿಟ್ಟು ಇರೋದು ಇಲ್ಲೇ. ಲೊಕೇಶನ್ ಸಿಗ್ತಿಲ್ಲ ಅಂತ ಗೊತ್ತಾದ ಮೇಲೆ ಎರಡು ಗೀಟು ತೋರ್ಸಿದ್ರೆ ಸಾಕಿತ್ತು, ಖಾಲಿ ಕಂಡ್ರೆ ಜನ ಕೇಳ್ತಾರೆ, ನಂಬರ್ ಕಂಡ್ರೆ ನಂಬ್ತಾರೆ.

ಆಂಡ್ರಾಯ್ಡ್ 12 ಮತ್ತೆ ಆಮೇಲಿನ ಫೋನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಂಥ ಆಪನ್ನ ಮಲಗಿಸೇ ಬಿಡತ್ತೆ, ಹಿಂದುಗಡೆ ಓಡೋ ಹಾಗೇ ಇಲ್ಲ. ಫೋನ್ ಆಪ್ ಮೂಲಕವೇ ಡೇಟಾ ತರೋ ವಾಚ್ ಆಗಿದ್ರೆ ಆಗ ಊರಷ್ಟೇ ಅಲ್ಲ ನಂಬರ್ರೂ ನಿಂತು ಹೋಗತ್ತೆ, ರಾತ್ರಿ ಹತ್ತು ಗಂಟೆಗೂ ಸೂರ್ಯ ನಗ್ತಾ ಇರ್ತಾನೆ. ಅದಾದ್ರೂ ವಾಸಿ, ಕಣ್ಣಿಗೆ ಬೀಳತ್ತೆ.

ನಿಮ್ಮದರಲ್ಲಿ ಏನಾಗಿದೆ ಅಂತ ಹೇಗೆ ಗೊತ್ತು ಮಾಡ್ಕೊಳೋದು? ಯಾವ ಸೆಟ್ಟಿಂಗನ್ನೂ ಮುಟ್ಟೋಕೆ ಮುಂಚೆ ಕಾಂಪ್ಲಿಕೇಶನ್ ಮೇಲೆ ಒತ್ತಿ, ತೆರೆಯೋ ಆಪಲ್ಲಿ ಊರು ಯಾವುದು, ಅಪ್‌ಡೇಟ್ ಆಗಿದ್ದು ಎಷ್ಟು ಹೊತ್ತಿಗೆ ಅಂತ ಎರಡೂ ನೋಡಿ. ಟೈಮ್ ತಾಜಾ ಇದ್ದು ಊರು ತಪ್ಪಿದ್ರೆ ಅದು ಲೊಕೇಶನ್ ಸಮಸ್ಯೆ. ಊರು ಸರಿ ಇದ್ದು ಟೈಮ್ ಹಳೇದಾಗಿದ್ರೆ ಬ್ಯಾಟರಿ ಸೇವರ್ರೋ ಬ್ಲೂಟೂತೋ ನೆಟ್ಟೋ ಎಲ್ಲೋ ಕಟ್ಟಾಗಿದೆ. ಆಪ್ ಒಳಗೆ ಎರಡೂ ಸರಿ ಇದ್ದು ಮುಖದ ಮೇಲೆ ಮಾತ್ರ ಬೇರೆ ನಂಬರ್ ಇದ್ರೆ, ಮುಖ ಬೇರೆ ಕಡೆಯಿಂದ ಡೇಟಾ ತಗೊಳ್ತಿದೆ ಅಂತ. ಇದನ್ನ ನೋಡದೇ ಜನ ನೇರ ವಾಚನ್ನೇ ರೀಸೆಟ್ ಮಾಡ್ಬಿಡ್ತಾರೆ, ಫೋನಿನ ಪರ್ಮಿಶನ್ ಹಾಗೇ ಇರತ್ತೆ, ಸಮಸ್ಯೆನೂ ಹಾಗೇ ಇರತ್ತೆ.

ಲೊಕೇಶನ್ ಸಮಸ್ಯೆ ಆಗಿದ್ರೆ ಫೋನಿನ Settings ಒಳಗೆ Apps, ಅದರಲ್ಲಿ ನಿಮ್ಮ ವೆದರ್ ಆಪ್, Permissions, Location ಅಂತ ಹೋಗಿ `Allow all the time` ಹಾಕಿ. `Allow only while using the app` ಅಂತ ಇದ್ರೆ ನೀವು ಆಪ್ ತೆರೆದಾಗ ಮಾತ್ರ ಊರು ಸಿಗತ್ತೆ, ಮುಚ್ಚಿದ ಮೇಲೆ ಹಳೇ ಊರೇ. ವಾಚಲ್ಲೂ ಆಪ್ ಬೇರೆಯಾಗಿ ಇನ್‌ಸ್ಟಾಲ್ ಆಗಿದ್ರೆ ಅಲ್ಲಿನ ಪರ್ಮಿಶನ್ ಬೇರೆ, ಅದನ್ನೂ ನೋಡಿ. ಆಮೇಲೆ ಮುಖ್ಯವಾದದ್ದು, ಆಪ್ ಬಳಸದಿದ್ರೆ ಪರ್ಮಿಶನ್ ತೆಗೆಯೋ ಸ್ವಿಚ್ಚು ಅಲ್ಲೇ ಆಸುಪಾಸಲ್ಲಿ ಇರತ್ತೆ, ಫೋನಿಂದ ಫೋನಿಗೆ ಅದರ ಹೆಸರು ಬೇರೆ ಬೇರೆ, unused ಅನ್ನೋ ಪದ ಹುಡುಕಿದ್ರೆ ಸಾಮಾನ್ಯವಾಗಿ ಸಿಗತ್ತೆ. ಅದನ್ನ ಆ ಒಂದು ಆಪ್‌ಗೆ ಮಾತ್ರ ಆಫ್ ಮಾಡಿ. ಇದನ್ನ ಬಿಟ್ರೆ ಇವತ್ತು ಸರಿಯಾಗಿದ್ದು ಇನ್ನು ಕೆಲವು ತಿಂಗಳಿಗೆ ಮತ್ತೆ ಅದೇ ಕಥೆ. Precise location ಆನ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ, ವೆದರ್‌ಗೆ ಅಂದಾಜು ಜಾಗ ಸಾಕು.

ಪರ್ಮಿಶನ್ ಇಲ್ಲದಾಗ ಕೆಲವು ಆಪ್‌ಗಳು ಹಳೇ ಊರು ಹಿಡ್ಕೊಳೋ ಬದಲು ಇಂಟರ್ನೆಟ್ ವಿಳಾಸ ನೋಡಿ ಊರು ಊಹೆ ಮಾಡ್ತವೆ. ಮೊಬೈಲ್ ನೆಟ್ ಇರೋರಿಗೆ ಇದು ಸುಮಾರು ಸಲ ದೊಡ್ಡ ಸಿಟೀನೇ ತೋರ್ಸೋದು, ನೀವು ಸೊರಬದಲ್ಲಿ ಕೂತಿದ್ರೂ ಬೆಂಗಳೂರೋ ಚೆನ್ನೈಯೋ ಬರಬಹುದು. ಗುರುತಿಸೋದು ಸುಲಭ, ವೈಫೈಯಲ್ಲಿ ಒಂದು ಊರು, ಮೊಬೈಲ್ ಡೇಟಾದಲ್ಲಿ ಇನ್ನೊಂದು ಊರು ಬಂತು ಅಂದ್ರೆ ಇದೇ. ವಿಪಿಎನ್ ಹಾಕ್ಕೊಂಡಿದ್ರೆ ಸಿಂಗಪುರದ ಮಳೆನೂ ಬರಬಹುದು.

ನಂಬರ್ ನಿಂತು ಹೋಗಿದ್ರೆ, ಆಪ್‌ನ Battery ಸೆಟ್ಟಿಂಗಲ್ಲಿ `Unrestricted` ಮಾಡಿ, ವಾಚಲ್ಲೂ ಬ್ಯಾಟರಿ ಸೇವರ್ ಆಫ್ ಇದೆಯಾ ನೋಡಿ. ಆದ್ರೆ ಸ್ವಲ್ಪ ತಡ ಆಗೋದು ಸಹಜ, ಅದನ್ನ ಕೆಟ್ಟಿದೆ ಅಂದ್ಕೋಬೇಡಿ. ವೇರ್ ಓಎಸ್ ತಾನಾಗೇ ಕಾಂಪ್ಲಿಕೇಶನ್‌ನ ಅಪ್‌ಡೇಟ್ ಕೇಳೋದು ಬೇಗ ಅಂದ್ರೂ 5 ನಿಮಿಷಕ್ಕೊಮ್ಮೆ, ಬ್ಯಾಟರಿ ಉಳಿಸೋಕೆ ವೆದರ್ ಆಪ್‌ಗಳು ಅದಕ್ಕಿಂತ ತುಂಬಾ ನಿಧಾನಕ್ಕೆ ಇಟ್ಟಿರ್ತವೆ. ಆಂಡ್ರಾಯ್ಡ್ 8ರಿಂದ ಈಚೆಗೆ ಹಿಂದುಗಡೆ ಓಡೋ ಆಪ್‌ಗೆ ಲೊಕೇಶನ್ ಸಿಗೋದೂ ಗಂಟೆಗೆ ಕೆಲವೇ ಸಲ. ಹಾಗಾಗಿ ಸಾಗರದಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಸೇರಿದ ತಕ್ಷಣ ವಾಚಲ್ಲಿ ಇನ್ನೂ ಘಟ್ಟದ ಮೇಲಿನ ಟೆಂಪರೇಚರ್ ಇದ್ರೆ ಅರ್ಧ ಒಂದು ಗಂಟೆ ಕಾಯಿರಿ. ಅಲ್ಲೇ ಚಹಾ ಕುಡಿದು, ಊಟ ಮುಗ್ಸಿ, ಮಲಗಿ ಎದ್ದ ಮೇಲೂ ಬದಲಾಗಿಲ್ಲ ಅಂದ್ರೆ ಆಗ ಮೇಲೆ ಹೇಳಿದ್ದು ನೋಡಿ.

ಮುಖದ ಮೇಲೆ ಮಾತ್ರ ತಪ್ಪಿರೋ ಕೇಸು. ವಾಚ್ ಮುಖವನ್ನ ಒತ್ತಿ ಹಿಡಿದು ಎಡಿಟ್‌ಗೆ ಹೋಗಿ ಆ ಜಾಗಕ್ಕೆ ಯಾವ ಆಪ್ ಆಯ್ಕೆ ಆಗಿದೆ ನೋಡಿ, ಒಂದ್ಸಲ ಖಾಲಿ ಮಾಡಿ ಮತ್ತೆ ಅದೇ ಆಪ್ ಹಾಕಿ, ಎಷ್ಟೋ ಸಲ ಇಷ್ಟಕ್ಕೇ ಸರಿ ಹೋಗತ್ತೆ. ಅಲ್ಲಿ ವೆದರ್ ಜಾಗವನ್ನ ಮುಟ್ಟೋಕೇ ಬರ್ತಿಲ್ಲ ಅಂದ್ರೆ ಅದು ಕಾಂಪ್ಲಿಕೇಶನ್ನೇ ಅಲ್ಲ, ಮುಖದ ಡಿಸೈನ್ ಒಳಗೇ ಸೇರಿರೋ ವೆದರ್. ವೇರ್ ಓಎಸ್ 5ರಿಂದ ಮುಖಗಳು ಹೀಗೆ ವಾಚಿನದೇ ವೆದರನ್ನ ನೇರ ತೋರಿಸಬಹುದು. ಆಗ ನೀವು ಬೇರೆ ಆಪ್‌ನ ಪರ್ಮಿಶನ್ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ, ವಾಚಿನ ಜೊತೆ ಬಂದ ವೆದರ್ ಆಪನ್ನೇ ಸರಿ ಮಾಡಬೇಕು.

ಆಪಲ್ ವಾಚ್ ಇರೋರಿಗೆ ಕಥೆ ಬೇರೆ. ಅಲ್ಲಿ ಮೊದಲು ನೋಡಬೇಕಾದ್ದು ಐಫೋನಿನ Watch ಆಪಲ್ಲಿ Weather ಒಳಗಿನ Default City, ಅಲ್ಲಿ ಯಾವತ್ತೋ ಒಂದು ಊರು ಆಯ್ಕೆ ಆಗಿದ್ರೆ ನೀವು ಎಲ್ಲಿಗೆ ಹೋದ್ರೂ ಅದೇ. ಜೊತೆಗೆ ಐಫೋನಿನ Location Services ಅಲ್ಲಿ Weatherಗೆ ಏನು ಕೊಟ್ಟಿದೀರ ನೋಡಿ. ಲೋ ಪವರ್ ಮೋಡಲ್ಲಿ ಕಾಂಪ್ಲಿಕೇಶನ್‌ಗಳು ನಿಧಾನ ಆಗ್ತವೆ, ಅದು ಬೇಕಂತಲೇ ಮಾಡಿರೋದು.

ಭಾವಂಗೆ ನಾನು ಮಾಡಿಕೊಟ್ಟಿದ್ದು ಇಷ್ಟು: ಪರ್ಮಿಶನ್ ಸರಿ ಮಾಡಿ, ಆ ಸ್ವಿಚ್ ಆಫ್ ಮಾಡಿ, ಚಿಕ್ಕ ಕಾಂಪ್ಲಿಕೇಶನ್ ತೆಗೆದು ಉದ್ದ ಜಾಗ ಇರೋ ಬೇರೆ ಮುಖ ಹಾಕಿದೆ, ಅದರಲ್ಲಿ ಡಿಗ್ರಿ ಜೊತೆ ಊರಿನ ಹೆಸರೂ ಬರತ್ತೆ. ನೋಡೋಕೆ ಅಷ್ಟು ಚಂದ ಇಲ್ಲ ಅಂತ ಅವ್ರ ಗೊಣಗಾಟ. ದುಡ್ಡು ಕೊಟ್ಟು ವಾಚ್ ಮುಖ ತಗೊಳೋರು ಸ್ಕ್ರೀನ್‌ಶಾಟಲ್ಲಿ ಊರಿನ ಹೆಸರೋ ಅಪ್‌ಡೇಟ್ ಟೈಮೋ ಒಂದಾದ್ರೂ ಇದೆಯಾ ನೋಡಿ ತಗೊಳಿ.

ಇನ್ನೊಂದು, ಊರು ಸರಿ ಬಂದ್ರೂ ವಾಚಲ್ಲಿರೋದು ಈಗಿನ ಸ್ಥಿತಿ, ಇನ್ನೆರಡು ಗಂಟೆಗೆ ಮಳೆ ಬರತ್ತಾ ಅನ್ನೋದಲ್ಲ. ಅದೂ ಘಟ್ಟದ ಕಡೆ ಒಂದು ಗುಡ್ಡದ ಈಚೆ ಬಿಸಿಲು ಆಚೆ ಮಳೆ. ಅಡಿಕೆ ಹರವೋ ದಿನ ಹವಾಮಾನ ಇಲಾಖೆಯ ಮೌಸಮ್ ಆಪಲ್ಲಿ ಮುನ್ಸೂಚನೆ ನೋಡಿ, ಇಲ್ಲಾಂದ್ರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನ ಹೆಸರು ಹೇಳಿ ಕೇಳಿ. ಅಕ್ಕ ಮೋಡ ಕಟ್ತಿದೆ ಅಂದ್ರೆ ಮಾತ್ರ ಇದ್ಯಾವುದನ್ನೂ ನೋಡದೇ ಟಾರ್ಪಾಲ್ ಎಳೀರಿ.