ಮೊದಲ ಹತ್ತು ಜನರನ್ನು ತೆಗೆದುಕೊಳ್ಳುವ ಮುಂಚೆ ಓದಿ: ಕನ್ಸಲ್ಟೆಂಟ್ ಕೊಟ್ಟ ಚಾರ್ಟ್ ನಮ್ಮನ್ನು ಹೇಗೆ ಮುಳುಗಿಸಿತು

ಇಷ್ಟು ದಿನ ಮನೆಯವರೇ ಸೇರಿ ಫ್ಯಾಕ್ಟರಿ ನಡೆಸಿ, ಈಗ ಹೊರಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೊರಟವರು ಇದನ್ನು ದಯವಿಟ್ಟು ಪೂರ್ತಿ ಓದಿ. ಯಾರ ಹೆಸರೂ ಹೇಳುವುದಿಲ್ಲ. "ಯಾವ ಪೋಸ್ಟ್‌ಗೆ ಯಾರು ಬೇಕು ಅಂತ ಚಾರ್ಟ್ ಮಾಡಿಕೊಡ್ತೀವಿ, ಜನರನ್ನೂ ನಾವೇ ತಂದುಕೊಡ್ತೀವಿ" ಅಂತ ಒಬ್ಬರೇ ಎರಡೂ ಕೆಲಸ ಒಪ್ಪಿಕೊಂಡರೆ ಅಲ್ಲೇ ಎಚ್ಚರವಾಗಿ. ಇಷ್ಟು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಹಿಂದೆಮುಂದೆ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮದು ಸಿಎನ್‌ಸಿ ಲೇತ್ ಕೆಲಸ. ನಾಲ್ಕು ಮಷಿನ್. ಬುಷ್, ಪಿನ್, ಸ್ಪೇಸರ್ ಮಾಡುತ್ತೇವೆ. ತಮ್ಮ ಸೆಟ್ಟಿಂಗ್ ಮಾಡುತ್ತಿದ್ದ. ಅಪ್ಪ ಪೀಸ್‌ನ ಅಂಚಿಗೆ ಉಳಿದ ಚೂಪು ಬರ್ ತೆಗೆದು, ಗೇಜ್ ಹಾಕಿ ನೋಡಿ, ಪ್ಯಾಕ್ ಮಾಡುತ್ತಿದ್ದರು. ಬಿಲ್ಲು, ಡೆಸ್ಪ್ಯಾಚ್ ಎಲ್ಲ ಹೆಂಡತಿಯದು. ಗಿರಾಕಿ, ಕೊಟೇಶನ್ ನನ್ನದು. ಮಷಿನ್ ಮುಂದೆ ಅಕ್ಕನ ಮಗ, ಚಿಕ್ಕಪ್ಪನ ಮಗ ಹೀಗೆ ಯಾರಾದರೂ ಇರುತ್ತಿದ್ದರು. ಆರ್ಡರ್ ಜಾಸ್ತಿಯಾಯಿತು, ಹುಡುಗರು ತಮ್ಮ ತಮ್ಮ ದಾರಿ ಹಿಡಿದರು. ಹತ್ತು ಜನ ಬೇಕು ಅನ್ನುವ ಲೆಕ್ಕಕ್ಕೆ ಬಂದೆವು.

ಆಗ ಬಂದವರೇ ಈ ಮಹಾನುಭಾವರು. ಕೈಯಲ್ಲಿ ಲ್ಯಾಪ್‌ಟಾಪ್, ಮಾತಿಗೊಂದು ಸಲ "ಸ್ಟ್ರಕ್ಚರ್". ಅವರು ಕೊಟ್ಟ ಚಾರ್ಟ್ ಹೀಗಿತ್ತು: ಪ್ರೊಡಕ್ಷನ್ ಮ್ಯಾನೇಜರ್ ಒಬ್ಬ, ಕ್ವಾಲಿಟಿ ಮ್ಯಾನೇಜರ್ ಒಬ್ಬ, ಪರ್ಚೇಸ್‌ಗೆ ಒಬ್ಬ, ಮಾರ್ಕೆಟಿಂಗ್‌ಗೆ ಒಬ್ಬ, ಎಚ್‌ಆರ್‌ಗೆ ಒಬ್ಬ. ಆಮೇಲೆ ನಾಲ್ಕು ಆಪರೇಟರ್, ಒಬ್ಬ ಹೆಲ್ಪರ್. ಹತ್ತು ಜನರಿಗೆ ಒಬ್ಬ ಎಚ್‌ಆರ್! ಐದು ಜನ ಮೇಜಿನ ಹಿಂದೆ, ಐದು ಜನ ಮಷಿನ್ ಹತ್ತಿರ. "ಬೆಳೆಯೋ ಕಂಪನಿ ಅಲ್ವಾ ಸಾರ್, ನಾಳೆಗೆ ಅಂತ ಪ್ಲಾನ್ ಮಾಡಬೇಕು" ಅಂದರು.

ಈಗ ನೋಡಿ, ಆ ಚಾರ್ಟ್‌ನಲ್ಲಿ ಸೆಟ್ಟರ್ ಅನ್ನುವ ಚೌಕವೇ ಇಲ್ಲ. ಕೇಳಿದ್ದಕ್ಕೆ, "ಅದು ನಿಮ್ಮ ತಮ್ಮ ಮಾಡ್ತಾರಲ್ಲ" ಅಂದರು. ನಮ್ಮಲ್ಲಿ ಲಾಟ್‌ಗಳು ಚಿಕ್ಕವು. ಜಾಬ್ ಬದಲಾದಾಗೆಲ್ಲ ಜಾ ಬದಲಾಯಿಸಬೇಕು, ಟೂಲ್ ಕಟ್ಟಬೇಕು, ಆಫ್‌ಸೆಟ್ ಹಾಕಬೇಕು, ಫಸ್ಟ್ ಪೀಸ್ ತೆಗೆದು ಅಳೆಯಬೇಕು. ಒಂದಕ್ಕೆ ಸುಮಾರು 2 ಗಂಟೆ. ದಿನಕ್ಕೆ ನಾಲ್ಕು ಸೆಟ್ಟಿಂಗ್ ಬಂದರೆ 8 ಗಂಟೆ, ತಮ್ಮನ ಇಡೀ ದಿನ ಅದಕ್ಕೇ ಹೋಯಿತು. ಎರಡು ಮಷಿನ್ ಒಟ್ಟಿಗೆ ನಿಂತರೆ ಒಂದು ಕಾಯುತ್ತಲೇ ಇರಬೇಕು. ಮುಂಚೆ ಹೀಗೆ ನಿಂತಾಗ ಹುಡುಗರು ಬರ್ ತೆಗೆಯುವುದೋ ಪ್ಯಾಕಿಂಗೋ ಏನೋ ಒಂದು ಮಾಡುತ್ತಿದ್ದರು. ಈಗ ಬಂದ ಆಪರೇಟರ್ "ನನ್ನ ಕೆಲಸ ಮಷಿನ್ ಓಡಿಸೋದು" ಅಂತ ನಿಂತ. ಅವನ ತಪ್ಪೇನಿಲ್ಲ, ಅವನಿಗೆ ಕೊಟ್ಟ ಕಾಗದದಲ್ಲಿ ಇದ್ದದ್ದೇ ಅಷ್ಟು. ಪ್ರೊಡಕ್ಷನ್ ಮ್ಯಾನೇಜರ್‌ಗೆ ಸೆಟ್ಟಿಂಗ್ ಬರುವುದಿಲ್ಲ. ಮಷಿನ್ ನಿಂತಿದೆ ಅಂತ ರಿಪೋರ್ಟ್ ಮಾತ್ರ ಚೆನ್ನಾಗಿ ಬರೆಯುತ್ತಿದ್ದ, ಬಣ್ಣ ಹಾಕಿ.

ಹೊಟ್ಟೆ ಉರಿಸಿದ್ದು ಮಾತ್ರ ಬುಷ್ ಲಾಟ್. ಒಳಗಿನ ಬೋರ್ 25 ಎಂಎಂ, ಎಚ್7. ಅಂದರೆ 25.000ದಿಂದ 25.021ರ ಒಳಗೆ ಬರಬೇಕು. ಬೋರಿಂಗ್ ಇನ್‌ಸರ್ಟ್ ಸವೆಯುತ್ತಾ ಹೋದಂತೆ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹಾಗಾಗಿ ತಮ್ಮ ಇಪ್ಪತ್ತು ಪೀಸ್‌ಗೊಮ್ಮೆ ಗೇಜ್ ಹಾಕಿ, ಬಿಗಿಯಾಗುತ್ತಿದೆ ಅನ್ನಿಸಿದರೆ ಆಫ್‌ಸೆಟ್ ಒಂದೆರಡು ಮೈಕ್ರಾನ್ ತಳ್ಳುತ್ತಿದ್ದ. ಇದು ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. ಸುಮ್ನೆ ನಡೆದುಕೊಂಡು ಹೋಗುತ್ತಿತ್ತು.

ಹೊಸ ಚಾರ್ಟ್ ಬಂದ ಮೇಲೆ ಆಪರೇಟರ್ "ಚೆಕಿಂಗ್ ಕ್ವಾಲಿಟಿಯವರದು" ಅಂದ. ಕ್ವಾಲಿಟಿ ಮ್ಯಾನೇಜರ್ "ನಂದು ಫೈನಲ್ ಇನ್‌ಸ್ಪೆಕ್ಷನ್" ಅಂದ. ತಮ್ಮ ಬೇರೆ ಮಷಿನ್‌ಗೆ ತಲೆ ಕೊಟ್ಟಿದ್ದ. ಲಾಟ್ ಪೂರ್ತಿ ಮುಗಿದ ಮೇಲೆ ಗೇಜ್ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಪೀಸ್‌ಗಳಲ್ಲಿ ಗೋ ಸೈಡ್, ಅಂದರೆ ಸಲೀಸಾಗಿ ಹೋಗಲೇಬೇಕಾದ ಗೇಜಿನ ತುದಿ, ಒಳಗೇ ಹೋಗುತ್ತಿಲ್ಲ. ಬೋರ್ ಚಿಕ್ಕದಾಗಿದೆ ತಾನೆ, ಮತ್ತೆ ಹಿಡಿದು ದೊಡ್ಡದು ಮಾಡಿದರಾಯಿತು ಅಂತ ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಜಾಗದಲ್ಲಿ ಹಿಡಿದು ನೋಡಿ. ಹೊರ ಡಯಾ, ಬೋರ್ ಎರಡೂ ಒಂದೇ ಹಿಡಿತದಲ್ಲಿ ಬಂದಿರುತ್ತವೆ. ಮತ್ತೆ ಚಕ್‌ನಲ್ಲಿ ಹಿಡಿದರೆ ಸೆಂಟರ್ ತಪ್ಪುತ್ತದೆ. ಬೋರ್ ಸರಿಹೋದರೂ ಒಳಗಿನದು ಹೊರಗಿನದು ಒಂದೇ ಸೆಂಟರ್‌ನಲ್ಲಿರುವ ಕಾನ್ಸೆಂಟ್ರಿಸಿಟಿ ಹೋಯಿತು. ಕೆಲವನ್ನು ಹೇಗೋ ಉಳಿಸಿದೆವು, ಉಳಿದದ್ದು ಗುಜರಿಗೆ.

ಇಷ್ಟಾದರೂ ಸಾಲದು ಅಂತ, ಅದರಲ್ಲಿ ಒಂದಷ್ಟನ್ನು ಪ್ರೊಡಕ್ಷನ್ ಮ್ಯಾನೇಜರ್ ಕಳಿಸಿಬಿಡಿ ಅಂದಿದ್ದನಂತೆ. ಚಾರ್ಟ್ ಪ್ರಕಾರ ಕ್ವಾಲಿಟಿಯವನು ಅವನ ಕೆಳಗೆ! ಡೆಸ್ಪ್ಯಾಚ್ ತಡವಾದರೆ ಬೈಸಿಕೊಳ್ಳುವವನೇ ಪೀಸ್ ಪಾಸು ಮಾಡು ಅಂತ ಹೇಳುವವನು. ಗಿರಾಕಿ ವಾಪಸ್ ಕಳಿಸಿದಾಗಲೇ ನಮಗೆ ತಿಳಿದದ್ದು. ಗಿರಾಕಿ ಮುಂದೆ ಆದ ನಾಚಿಕೆಯನ್ನು ಇಲ್ಲಿ ಬರೆಯುವುದಿಲ್ಲ ಬಿಡಿ.

ಆ ರಾತ್ರಿ ಕೂತು ಅವರು ಕೊಟ್ಟಿದ್ದ ಕಾಗದಗಳನ್ನು ಒಂದೊಂದಾಗಿ ಓದಿದೆ. ಪ್ರೊಡಕ್ಷನ್ ಮ್ಯಾನೇಜರ್‌ನ ಕೆಲಸದ ಪಟ್ಟಿಯಲ್ಲಿ ಒಂದು ಸಾಲು: "ಮೋಲ್ಡ್ ಬದಲಾಯಿಸುವ ಸಮಯ ಕಡಿಮೆ ಮಾಡುವುದು." ಮೋಲ್ಡ್! ನಮ್ಮ ಶೆಡ್‌ನಲ್ಲಿ ಮೋಲ್ಡಿಂಗ್ ಮಷಿನ್ ಎಲ್ಲಿದೆ? ಯಾವುದೋ ಪ್ಲಾಸ್ಟಿಕ್ ಫ್ಯಾಕ್ಟರಿಗೆ ಮಾಡಿದ್ದನ್ನು ಹೆಸರು ಬದಲಿಸಿ ನಮ್ಮ ಕೈಗಿಟ್ಟಿದ್ದರು. ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. "ಟೆಂಪ್ಲೇಟ್ ಸಾರ್ ಅದು, ಮ್ಯಾನುಫ್ಯಾಕ್ಚರಿಂಗ್ ಅಂದ್ರೆ ಎಲ್ಲಾ ಒಂದೇ" ಅಂದರು. ಸೆಟ್ಟರ್ ಯಾಕೆ ಹಾಕಲಿಲ್ಲ ಅಂದೆ. "ನೀವು ಇನ್ನೂ ಮನೆಮಂದಿ ಥರಾನೇ ಯೋಚನೆ ಮಾಡ್ತಿದ್ದೀರ. ಚಾರ್ಟ್ ಸರಿ ಇದೆ, ನಿಮಗೆ ಡೆಲಿಗೇಟ್ ಮಾಡೋಕೆ ಬರ್ತಿಲ್ಲ" ಅಂದರು. ಡೆಲಿಗೇಟ್ ಅಂತೆ! ಜನ ಸರಿ ಇಲ್ಲ ಅಂದರೆ "ರಿಪ್ಲೇಸ್‌ಮೆಂಟ್ ಕೊಡ್ತೀವಿ, ಅದರ ಫೀಸ್ ಬೇರೆ." ಫೀಸ್ ಅಂದ ತಕ್ಷಣ ತಲೆಗೆ ಹೊಳೆಯಿತು. ಅವರ ಫೀಸ್ ಅಂದರೆ ಸೇರಿದ ಒಬ್ಬೊಬ್ಬರ ಒಂದು ತಿಂಗಳ ಸಂಬಳ. ಹೆಲ್ಪರ್ ಕೊಟ್ಟರೆ ಅವರಿಗೆ ಸಿಗುವುದು ಚಿಲ್ಲರೆ. ಮ್ಯಾನೇಜರ್ ಕೊಟ್ಟರೆ ಗಂಟು. ಚಾರ್ಟ್ ತುಂಬಾ ಮ್ಯಾನೇಜರ್‌ಗಳು ಯಾಕೆ ಕೂತಿದ್ದರು ಅಂತ ಈಗ ನೀವೇ ಹೇಳಿ.

ಆಮೇಲೆ ನಾವೇ ಕೂತು ಮಾಡಿಕೊಂಡೆವು. ಮನೆಯವರು ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡುತ್ತಾರೆ ಅಂತ ಒಂದು ವಾರ ಬರೆದೆವು. ಪೋಸ್ಟ್ ಅಲ್ಲ, ಕೆಲಸ. ಇನ್‌ಸರ್ಟ್ ಖಾಲಿಯಾಗುತ್ತಿದೆ ಅಂತ ನೋಡುವವರು ಯಾರು ಅನ್ನುವುದೂ ಅದರಲ್ಲಿ ಬಂತು, ಅದು ಅಪ್ಪ! ಈಗಿರುವ ಹತ್ತು ಜನ ಇವರು: ನಾಲ್ಕು ಆಪರೇಟರ್, ಒಬ್ಬ ಸೆಟ್ಟರ್, ಒಬ್ಬ ಇನ್‌ಸ್ಪೆಕ್ಟರ್, ಸ್ಟೋರ್ ಮತ್ತು ಡೆಸ್ಪ್ಯಾಚ್‌ಗೆ ಒಬ್ಬ, ಲೆಕ್ಕಕ್ಕೆ ಒಬ್ಬರು, ಬರ್ ಮತ್ತು ಪ್ಯಾಕಿಂಗ್‌ಗೆ ಇಬ್ಬರು. ಇಪ್ಪತ್ತು ಪೀಸ್‌ಗೊಮ್ಮೆ ಗೇಜ್ ಹಾಕಿ ಬರೆಯುವುದು ಆಪರೇಟರ್‌ನದೇ, ಅವನ ಕಾಗದದಲ್ಲೇ ಇದೆ. ಇನ್‌ಸ್ಪೆಕ್ಟರ್ ನೇರ ನನಗೆ ಹೇಳುತ್ತಾನೆ, ಸೆಟ್ಟರ್‌ಗಾಗಲಿ ತಮ್ಮನಿಗಾಗಲಿ ಅಲ್ಲ. ಮಾಲು ಆರ್ಡರ್ ಮಾಡುವುದು ತಮ್ಮ, ಎಣಿಸಿ ಇಳಿಸಿಕೊಳ್ಳುವುದು ಸ್ಟೋರಿನವನು, ದುಡ್ಡು ಕೊಡುವುದು ಹೆಂಡತಿ. ಮೂರೂ ಒಬ್ಬನ ಕೈಗೆ ಕೊಡಬೇಡಿ, ಎಷ್ಟೇ ಒಳ್ಳೆಯವನಾಗಿರಲಿ. ಸೂಪರ್‌ವೈಸರ್ ಎರಡನೇ ಶಿಫ್ಟ್ ಶುರುವಾದಾಗ ನೋಡೋಣ.

ಕನ್ಸಲ್ಟೆಂಟ್ ಬೇಕೇ ಬೇಕು ಅಂದರೆ ಚಾರ್ಟ್ ಮಾಡುವವರು ಬೇರೆ, ಜನ ತರುವವರು ಬೇರೆ ಇರಲಿ. ಚಾರ್ಟ್‌ಗೆ ಒಂದೇ ಮೊತ್ತ ಮಾತಾಡಿ. ಶೆಡ್‌ನಲ್ಲಿ ಒಂದು ದಿನ ನಿಂತು ನೋಡದವರ ಚಾರ್ಟ್ ಮುಟ್ಟಲೇಬೇಡಿ. ನಮ್ಮವರು ಆಫೀಸ್ ರೂಮ್ ದಾಟಿ ಒಳಗೆ ಬಂದವರೇ ಅಲ್ಲ.

ಕೊನೆಯ ಕಂತು ನಾನು ಕೊಟ್ಟಿಲ್ಲ. ಮೊನ್ನೆ ಮತ್ತೆ ಮೆಸೇಜ್ ಬಂತು, "ಸಾರ್, ಪೇಮೆಂಟ್ ಪೆಂಡಿಂಗ್ ಇದೆ" ಅಂತ. ಆ ಮೋಲ್ಡ್ ಸಾಲಿನ ಫೋಟೋ ತೆಗೆದು ವಾಪಸ್ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.