ರೆಸ್ಯೂಮೆ ಬರೆಸಿಕೊಂಡು ಒಂದೂವರೆ ವರ್ಷ: ಮಾತುಕತೆಗೆ ಪೂರ್ಣ ಅಂಕ, ಪುಟವಿನ್ಯಾಸಕ್ಕೆ ಅರ್ಧ

ಬಳ್ಳಾರಿಯಲ್ಲಿ ಮನೆಯ ಮೇಲ್ಮಹಡಿಯ ಒಂದು ಕೋಣೆಯಿಂದ ನಡೆಯುವ ಈ ಸೇವೆಯಲ್ಲಿ ಮೂರು ಪ್ಯಾಕೇಜುಗಳಿವೆ. 1,200 ರೂಪಾಯಿಯದ್ದರಲ್ಲಿ ನಾವು ತುಂಬಿಕೊಟ್ಟ ಫಾರ್ಮನ್ನು ತಿದ್ದಿ ರೆಸ್ಯೂಮೆಯಾಗಿ ಕೊಡುತ್ತಾರೆ. 3,800 ರೂಪಾಯಿಯದ್ದರಲ್ಲಿ ಒಂದೂವರೆ ಗಂಟೆಯ ಮಾತುಕತೆ, ರೆಸ್ಯೂಮೆ, ಲಿಂಕ್ಡ್‌ಇನ್ ಪ್ರೊಫೈಲ್ ಮತ್ತು ಎರಡು ಸಲದ ತಿದ್ದುಪಡಿ ಸೇರಿವೆ. 6,500 ರೂಪಾಯಿಯದ್ದಕ್ಕೆ ಕವರ್ ಲೆಟರ್ ಮತ್ತು ಸಂದರ್ಶನದ ತಾಲೀಮು ಕೂಡುತ್ತವೆ. ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕಲ್ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದ ನನಗೆ, ಮಗಳ ಶಾಲೆಯ ಶುಲ್ಕ ಕಟ್ಟಿದ ತಿಂಗಳಿನಲ್ಲಿ ಮಧ್ಯದ ಪ್ಯಾಕೇಜ್ ಕೂಡ ಸುಲಭದ ಖರ್ಚಾಗಿರಲಿಲ್ಲ. ಆದರೂ ಅದನ್ನೇ ತೆಗೆದುಕೊಂಡೆ, ಏಕೆಂದರೆ ಫಾರ್ಮು ತುಂಬುವುದಕ್ಕೆ ನನ್ನ ಬಳಿ ಇದ್ದದ್ದು ಹಳೆಯ ರೆಸ್ಯೂಮೆಯಲ್ಲಿದ್ದ ವಾಕ್ಯಗಳೇ.

ಮಾತುಕತೆಗೆ ಮುಂಚೆ ಅವರು ಕೇಳಿದ್ದು ಎರಡೇ ಸಂಗತಿ: ಪ್ರತಿ ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ತಿಂಗಳು, ಹಾಗೂ ನಾನು ಅರ್ಜಿ ಹಾಕಬೇಕೆಂದಿರುವ ಹುದ್ದೆಗಳ ಒಂದೆರಡು ಜಾಹೀರಾತು. ತೋರಣಗಲ್ಲಿನ ಕಡೆಯ ಹುದ್ದೆಗಳ ಜಾಹೀರಾತನ್ನು ಕಳುಹಿಸಿದೆ. ಅವರು ಅದನ್ನು ಮುದ್ರಿಸಿ, ಕಂಪನಿ ಏನು ಬಯಸುತ್ತಿದೆ ಎಂಬ ಕಡೆಗಳಲ್ಲಿ ಗೆರೆ ಎಳೆದು, ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕುಳಿತಿದ್ದರು. ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಇಂಗ್ಲಿಷಿನಲ್ಲಿ ಕೇಳಿದ್ದರೆ ನಾನು ಬಾಯಿಪಾಠದ ವಾಕ್ಯಗಳನ್ನೇ ಒಪ್ಪಿಸುತ್ತಿದ್ದೆ ಎಂಬುದರಲ್ಲಿ ಅನುಮಾನವಿಲ್ಲ.

ಹಳೆಯ ರೆಸ್ಯೂಮೆಯಲ್ಲಿ "ಕಿಲ್ನ್ ಮತ್ತು ಕೂಲರ್ ನಿರ್ವಹಣೆಯ ಜವಾಬ್ದಾರಿ" ಎಂಬರ್ಥದ ಸಾಲೊಂದು ಇತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಸರ್, ನೀವು ರಜೆ ಹಾಕಿದ್ದರೆ ಕಾರ್ಖಾನೆಯಲ್ಲಿ ಯಾವ ಕೆಲಸ ಆಗ್ತಿರಲಿಲ್ಲ?" ಎಂದು ಕೇಳಿದರು. ನಾನು ಕಿಲ್ನ್ ಎಂಬ ತಿರುಗುವ ಕುಲುಮೆಯನ್ನು ಹೊತ್ತಿರುವ ಸಪೋರ್ಟ್ ರೋಲರ್‌ಗಳ ಬೇರಿಂಗುಗಳ ವಿಷಯ ಹೇಳಿದೆ. ಅವು ವಿಪರೀತ ಬಿಸಿಯಾದರೆ ಕಿಲ್ನ್ ನಿಲ್ಲಿಸಬೇಕಾಗುತ್ತದೆ, ನಿಂತ ಕಿಲ್ನನ್ನು ಆಕ್ಸಿಲರಿ ಡ್ರೈವ್‌ನಿಂದ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಕಾದ ಶೆಲ್ ಬಾಗುತ್ತದೆ. ಅಲ್ಲಿಂದ ಮುಂದೆ ಅವರ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಬಿಸಿಯಾಗುತ್ತಿರುವುದು ಮೊದಲು ಯಾರ ಗಮನಕ್ಕೆ ಬಂತು? ಕಾರಣ ಹುಡುಕಿದವರು ಯಾರು? ಪರಿಹಾರಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಮೊದಲು ವರ್ಷಕ್ಕೆ ಎಷ್ಟು ಸಲ ನಿಲ್ಲುತ್ತಿತ್ತು, ಆಮೇಲೆ ಎಷ್ಟು ಸಲ?

ಹೇಳುತ್ತಾ ಹೋದಂತೆ ಇಡೀ ಸಂಗತಿ ಕ್ರಮವಾಗಿ ಹೊರಬಂತು. ನಮ್ಮ ಗಡಸು ನೀರಿನಿಂದ ಬೇರಿಂಗ್ ಹೌಸಿಂಗಿನ ಕೂಲಿಂಗ್ ಪೈಪುಗಳಲ್ಲಿ ಸುಣ್ಣ ಕಟ್ಟಿಕೊಂಡು ನೀರಿನ ಹರಿವು ಕಡಿಮೆಯಾಗಿತ್ತು. ಪ್ರತಿ ಶಿಫ್ಟಿನಲ್ಲೂ ಬೇರಿಂಗಿನ ಉಷ್ಣತೆಯನ್ನು ಅಳೆದು ಬರೆಯುವ ಪದ್ಧತಿಯನ್ನು ಆರಂಭಿಸಿದ್ದು ನಾನು. ಪೈಪು ತೊಳೆಯುವ ಕೆಲಸವನ್ನು ಶಟ್‌ಡೌನ್ ಪಟ್ಟಿಗೆ ಸೇರಿಸುವಂತೆ ಕೇಳಿದ್ದು ನಾನು. ಒಪ್ಪಿಗೆ ಕೊಟ್ಟದ್ದು ಮ್ಯಾನೇಜರ್. ಬೇರಿಂಗಿನ ಕಾರಣಕ್ಕೆ ಕಿಲ್ನ್ ನಿಂತದ್ದು ಹಿಂದಿನ ವರ್ಷ ಐದು ಸಲ, ಮುಂದಿನ ವರ್ಷ ಒಂದು ಸಲ. "ಈ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದರೆ ಏನು ಹೇಳ್ತೀರಿ?" ಎಂದರು. ಬ್ರೇಕ್‌ಡೌನ್ ರಿಜಿಸ್ಟರ್ ಎಂದೆ. ಅದರ ಫೋಟೊ ತರಲೇ ಎಂದು ಕೇಳಿದಾಗ ಬೇಡವೆಂದರು. ಅದು ಕಂಪನಿಯ ದಾಖಲೆ, ಹೊರಗೆ ತೋರಿಸುವಂಥದ್ದಲ್ಲ, ಕೇಳಿದವರಿಗೆ ಬಾಯಲ್ಲಿ ವಿವರಿಸಲು ಬಂದರೆ ಸಾಕು ಎಂಬುದು ಅವರ ನಿಲುವು. ಉತ್ಪಾದನೆಯಲ್ಲಿ ಎಷ್ಟು ಲಾಭವಾಯಿತು ಎಂದೂ ಕೇಳಿದ್ದರು, ಆದರೆ ನಾನು ಅಂದಾಜಿನಲ್ಲಿ ಹೇಳುತ್ತಿದ್ದೇನೆಂದು ತಿಳಿದ ಕೂಡಲೇ ಆ ಅಂಕಿಯನ್ನು ಹೊಡೆದುಹಾಕಿದರು. ಕೊನೆಗೆ ರೆಸ್ಯೂಮೆಯಲ್ಲಿ ಉಳಿದದ್ದು ಎರಡು ಸಾಲು: ಸಮಸ್ಯೆಯ ಕಾರಣ, ನಾನು ಮಾಡಿದ್ದು, ಐದರಿಂದ ಒಂದಕ್ಕೆ ಇಳಿದದ್ದು. ಮುಂದೆ ಕೆಲಸದ ಸಂದರ್ಶನದಲ್ಲಿ ಹಿರಿಯ ಎಂಜಿನಿಯರ್ ಒಬ್ಬರು ಆ ಎರಡು ಸಾಲನ್ನೇ ಹಿಡಿದು ಬಹಳ ಹೊತ್ತು ಪ್ರಶ್ನಿಸಿದರು. ಒಮ್ಮೆ ಬಿಡಿಸಿ ಹೇಳಿ ಅಭ್ಯಾಸವಾಗಿದ್ದರಿಂದ ತಡವರಿಸಲಿಲ್ಲ. ಈಗ ಅಲ್ಲಿಯೇ ಕೆಲಸದಲ್ಲಿದ್ದೇನೆ.

ಈ ಸೇವೆಯಿಂದ ನನಗೆ ಅಂಟಿಕೊಂಡ ಒಂದು ಅಭ್ಯಾಸವೂ ಇದೆ. ತಿಂಗಳ ಕೊನೆಯ ಶನಿವಾರ ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೂರು ಪುಟದ ನೋಟ್‌ಬುಕ್ಕಿನ ಒಂದು ಪುಟವನ್ನು ತುಂಬುತ್ತೇನೆ. ಎಡಗಡೆ ಮೊದಲು ಹೇಗಿತ್ತು, ಬಲಗಡೆ ಈಗ ಹೇಗಿದೆ, ಕೆಳಗೆ ತೀರ್ಮಾನ ಯಾರದ್ದು ಎಂದು ಬರೆಯುತ್ತೇನೆ. ಏನೂ ನಡೆಯದ ತಿಂಗಳಿನಲ್ಲಿ ಪುಟ ಖಾಲಿಯೇ ಉಳಿಯುತ್ತದೆ. ಹೆಂಡತಿಗೆ ಇದು ಮನೆಯ ಲೆಕ್ಕ ಬರೆಯುವುದನ್ನು ತಪ್ಪಿಸಿಕೊಳ್ಳುವ ಉಪಾಯವೆಂದು ಕಾಣುತ್ತದೆ.

ಇನ್ನು ನನಗೆ ಸಿಟ್ಟು ತರಿಸಿದ ಭಾಗ. ಮಾತುಕತೆ ನಡೆಸಿದವರು ಒಬ್ಬರು, ಪುಟ ಸಿದ್ಧಪಡಿಸಿದವರು ಇನ್ನೊಬ್ಬರು. ಬಂದ ಪಿಡಿಎಫ್ ನೋಡಲು ಚೆಂದವಿತ್ತು: ಎಡಗಡೆ ನೀಲಿ ಪಟ್ಟಿಯಲ್ಲಿ ಕೌಶಲಗಳು, ಅವುಗಳ ಮುಂದೆ ನಾಲ್ಕು ತುಂಬಿದ ಚುಕ್ಕಿ, ಒಂದು ಖಾಲಿ ಚುಕ್ಕಿ. ಗೇರ್‌ಬಾಕ್ಸ್ ಅಲೈನ್‌ಮೆಂಟಿನಲ್ಲಿ ಐದಕ್ಕೆ ನಾಲ್ಕು ಎಂದರೆ ಏನರ್ಥವೋ ನನಗಂತೂ ತಿಳಿಯಲಿಲ್ಲ. ಕಂಪನಿಯೊಂದರ ಅರ್ಜಿ ಪೋರ್ಟಲ್‌ಗೆ ಅದನ್ನು ಏರಿಸಿದಾಗ, ತಾನಾಗಿಯೇ ತುಂಬಿಕೊಳ್ಳುವ ಖಾನೆಗಳಲ್ಲಿ ಎಲ್ಲವೂ ಕಲಸಿಹೋಗಿ, ಹಿಂದಿನ ಕಂಪನಿಯ ಹೆಸರಿನ ಜಾಗದಲ್ಲಿ "ಹೈಡ್ರಾಲಿಕ್ಸ್" ಎಂದು ಬಂದು ಕುಳಿತಿತ್ತು. ಇದನ್ನು ಪತ್ತೆಹಚ್ಚುವ ಸುಲಭದ ದಾರಿಯಿದೆ: ಪಿಡಿಎಫ್ ತೆರೆದು ಪೂರ್ತಿ ಬರಹವನ್ನು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ಓದಬೇಕು. ಎಡಪಟ್ಟಿಯ ಪದಗಳು ಕೆಲಸದ ವಿವರಗಳ ನಡುವೆ ನುಗ್ಗಿದ್ದರೆ, ಅಥವಾ ಫೋನ್ ನಂಬರು ಕಾಣೆಯಾಗಿದ್ದರೆ, ಪೋರ್ಟಲ್ ಕೂಡ ಅದನ್ನು ಹಾಗೆಯೇ ಓದುವ ಸಾಧ್ಯತೆ ಹೆಚ್ಚು. ನನ್ನದರಲ್ಲಿ ಎರಡೂ ಆಗಿದ್ದವು, ಏಕೆಂದರೆ ಫೋನ್ ನಂಬರನ್ನು ಚಿತ್ರದೊಳಗೆ ಸೇರಿಸಿಬಿಟ್ಟಿದ್ದರು. ಒಂದೇ ಕಾಲಮ್ಮಿನ ಸರಳ ಪುಟವನ್ನು ಮಾಡಿಕೊಟ್ಟರು ನಿಜ, ಆದರೆ ಅದನ್ನು ನನ್ನ ಎರಡು ತಿದ್ದುಪಡಿಗಳಲ್ಲಿ ಒಂದೆಂದು ಲೆಕ್ಕ ಹಾಕಿದರು. ಅವರ ಕಡೆಯ ದೋಷವನ್ನು ಗ್ರಾಹಕನ ಖಾತೆಗೆ ಬರೆಯುವ ಈ ಪದ್ಧತಿಯನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಲಿಂಕ್ಡ್‌ಇನ್ ಕೆಲಸದಲ್ಲಿ ಸಿಟ್ಟು ಸ್ವಲ್ಪ ಇಳಿಯಿತು. ಅವರು ನನ್ನ ಪಾಸ್‌ವರ್ಡ್ ಕೇಳಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೇ, ನಾನು ಟೈಪ್ ಮಾಡುವಾಗ ಪಕ್ಕದಲ್ಲಿ ಕುಳಿತು ಹೇಳಿದರು. ಏನನ್ನೂ ಮುಟ್ಟುವ ಮೊದಲು, ಪ್ರೊಫೈಲಿನ ಬದಲಾವಣೆಗಳು ಪರಿಚಿತರಿಗೆ ಕಾಣಿಸುವ ಸೆಟ್ಟಿಂಗನ್ನು ಬಂದ್ ಮಾಡಿಸಿದರು. ಕೆಲಸ ಹುಡುಕುತ್ತಿರುವ ಗುರುತನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಬಹುದು, ಆದರೆ ಸ್ವಂತ ಕಂಪನಿಯವರ ಕಣ್ಣಿಗೆ ಬೀಳುವುದೇ ಇಲ್ಲ ಎಂಬ ಖಾತರಿಯನ್ನು ಲಿಂಕ್ಡ್‌ಇನ್ ಕೂಡ ಕೊಡುವುದಿಲ್ಲ ಎಂದು ತಿಳಿಸಿ, ತೀರ್ಮಾನವನ್ನು ನನಗೇ ಬಿಟ್ಟರು. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಮಿತಿ ಇದ್ದರೂ, ಹುಡುಕಾಟದಲ್ಲಿ ಅದು ಅರ್ಧಕ್ಕೇ ತುಂಡಾಗಿ ಕಾಣುವುದರಿಂದ ಹುದ್ದೆ ಮತ್ತು ರೋಟರಿ ಕಿಲ್ನ್ ಎಂಬುದು ಮೊದಲೇ ಬರುವಂತೆ ಮಾಡಿಸಿದರು.

ಮೊದಲ ಕೆಲಸ ಹುಡುಕುತ್ತಿರುವ ಡಿಪ್ಲೊಮಾ ಹುಡುಗರಿಗೆ 1,200 ರೂಪಾಯಿಯದ್ದೇ ಸಾಕು, ಬಿಡಿಸಿ ಕೇಳುವಷ್ಟು ಅನುಭವ ಅವರಲ್ಲಿ ಇನ್ನೂ ಇರುವುದಿಲ್ಲ. ಏಳೆಂಟು ವರ್ಷ ದುಡಿದವರು ಮಧ್ಯದ್ದನ್ನು ತೆಗೆದುಕೊಳ್ಳಲಿ. 6,500 ರೂಪಾಯಿಯದ್ದರ ಕವರ್ ಲೆಟರನ್ನು ನನ್ನ ಸಹೋದ್ಯೋಗಿಯೊಬ್ಬರು ತೋರಿಸಿದರು, ಅದರಲ್ಲಿ ರೆಸ್ಯೂಮೆಯ ಮಾತುಗಳೇ ಮತ್ತೆ ಇದ್ದವು. ಹಣ ಕೊಡುವ ಮೊದಲು ವರ್ಡ್ ಫೈಲನ್ನೂ ಕೊಡುತ್ತೀರಾ ಎಂದು ಕೇಳಿ ಬರೆಸಿಕೊಳ್ಳಿ. ಹೊಸ ಹುದ್ದೆಯನ್ನು ಸೇರಿಸಲು ಈಚೆಗೆ ಕೇಳಿದಾಗ 1,500 ರೂಪಾಯಿ ಹೇಳಿದರು. ವರ್ಡ್ ಫೈಲ್ ನನ್ನ ಬಳಿಯೇ ಇದ್ದದ್ದರಿಂದ, ನೋಟ್‌ಬುಕ್ಕಿನ ಪುಟಗಳನ್ನು ನೋಡಿಕೊಂಡು ನಾನೇ ಸೇರಿಸಿದೆ.